ಗಿರಣಿಯ ಬಿಡುವಿನ ತಿಂಗಳುಗಳು: ಹುರಿದು ಬೀಸಿಕೊಡುವ ಸೇವೆಯ ಲೆಕ್ಕಾಚಾರ

ಸ್ವಸಹಾಯ ಸಂಘಗಳ ಮಹಿಳಾ ಸದಸ್ಯರು ನಡೆಸುತ್ತಿರುವ ಹಿಟ್ಟಿನ ಗಿರಣಿಗಳ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಧಾರವಾಡ, ಗದಗ, ಹಾವೇರಿ ಭಾಗದ ಗ್ರಾಮಗಳಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಗಿರಣಿಗೆ ಬಿಡುವೇ ಇರುವುದಿಲ್ಲ. ಹೊಸ ಮೆಣಸಿನಕಾಯಿ ಒಣಗಿ ಖಾರ ಕುಟ್ಟಿಸಲು ಬರುತ್ತದೆ. ಬಿಸಿಲು ಇರುವಾಗಲೇ ಶಾವಿಗೆ, ಹಪ್ಪಳ, ಸಂಡಿಗೆಗಳ ಕೆಲಸ ಮುಗಿಯಬೇಕಾಗಿರುತ್ತದೆ. ಹಿಂಗಾರಿನ ಜೋಳವೂ ಆಗಲೇ ಮನೆ ಸೇರಿರುತ್ತದೆ. ಮಳೆ ಹಿಡಿದ ಮೇಲೆ ಶಾವಿಗೆ ಯಂತ್ರಕ್ಕೆ ಗೋಣಿತಟ್ಟು ಹೊದಿಸಲಾಗುತ್ತದೆ, ಖಾರ ಕುಟ್ಟುವ ಯಂತ್ರ ವಾರಕ್ಕೊಮ್ಮೆ ತಿರುಗಿದರೆ ಹೆಚ್ಚು, ಬೀಸುವ ಕಲ್ಲಿಗೆ ಮಾತ್ರ ದಿನಕ್ಕೆ ಒಂದೆರಡು ಗಂಟೆಯ ಕೆಲಸವಿರುತ್ತದೆ. ಆದರೆ ಮಂಜೂರಾದ ಅಶ್ವಶಕ್ತಿಗೆ ತಕ್ಕಂತೆ ವಿದ್ಯುತ್ ಬಿಲ್ಲಿನಲ್ಲಿ ಬರುವ ನಿಗದಿತ ಶುಲ್ಕ, ಕಟ್ಟಡದ ಬಾಡಿಗೆ ಹಾಗೂ ಸಾಲದ ಕಂತು ಈ ತಿಂಗಳುಗಳಲ್ಲಿಯೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಗಳಿಸಿದ್ದನ್ನು ಮಳೆಗಾಲದಲ್ಲಿ ತಿಂದು ತೀರಿಸುವ ಗಿರಣಿಯು ವರ್ಷದ ಕೊನೆಗೆ ಲಾಭವೂ ಇಲ್ಲ ನಷ್ಟವೂ ಇಲ್ಲವೆಂಬ ಸ್ಥಿತಿಯಲ್ಲಿ ಉಳಿಯುತ್ತದೆ.

ಈ ಅವಧಿಯಲ್ಲಿ ಇರುವ ಯಂತ್ರ ಹಾಗೂ ಇರುವ ಕೈಗಳಿಂದಲೇ ಯಾವ ಉಪಕಸುಬನ್ನು ಸೇರಿಸಬಹುದು ಎಂಬುದನ್ನು ಒಂದೇ ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಬಳಸಿರುವ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಹಿಡಿದವುಗಳು ಮಾತ್ರ. ಸಂಘಗಳು ತಮ್ಮ ಊರಿನ ಅಂದಿನ ದರವನ್ನು ಅದೇ ಜಾಗದಲ್ಲಿಟ್ಟು ಲೆಕ್ಕವನ್ನು ಪುನಃ ಮಾಡಿಕೊಳ್ಳತಕ್ಕದ್ದು.

ಬಿಡುವಿನ ಅವಧಿಯನ್ನು ಗುರುತಿಸುವ ಕ್ರಮ

ಮೊದಲು ಹಿಂದಿನ ಎರಡು ವರ್ಷಗಳ ಆದಾಯವನ್ನು ತಿಂಗಳವಾರು ಬರೆದುಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಿರಣಿಯ ವ್ಯಾಪಾರವು ಇಂಗ್ಲಿಷ್ ತಿಂಗಳುಗಳಿಗಿಂತ ಹೆಚ್ಚಾಗಿ ಪಂಚಾಂಗವನ್ನು ಅನುಸರಿಸುತ್ತದೆ. ನಮ್ಮ ಹಬ್ಬಗಳು ಪ್ರತಿ ವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತವೆ. ನಡುವೆ ಅಧಿಕ ಮಾಸ ಬಂದರೆ ಸುಮಾರು 19 ದಿನ ತಡವಾಗುತ್ತವೆ. ಆದ್ದರಿಂದ ಕಳೆದ ವರ್ಷದ ಜುಲೈ ಹಾಗೂ ಈ ವರ್ಷದ ಜುಲೈಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಒಂದರಲ್ಲಿ ನಾಗರ ಪಂಚಮಿ ಸೇರಿದ್ದು ಇನ್ನೊಂದರಲ್ಲಿ ಸೇರದೆ ಇರಬಹುದು. ಏನೂ ಆಗದಿದ್ದರೂ ವ್ಯಾಪಾರ ಕುಸಿದಂತೆ ತೋರಬಹುದು. ಜ್ಯೇಷ್ಠ, ಆಷಾಢ, ಶ್ರಾವಣ, ಭಾದ್ರಪದ ಎಂದು ಮಾಸಗಳ ಲೆಕ್ಕದಲ್ಲಿ ಬರೆದರೆ ಚಿತ್ರ ಸ್ಪಷ್ಟವಾಗುತ್ತದೆ. ಆಷಾಢ ಸಂಪೂರ್ಣ ಖಾಲಿ, ಪಂಚಮಿಯ ಮುಂಚಿನ ಎಂಟು ಹತ್ತು ದಿನ ಸ್ವಲ್ಪ ಏರಿಕೆ, ಗಣೇಶ ಚತುರ್ಥಿಗೆ ಮತ್ತೊಂದು ಏರಿಕೆ, ದೀಪಾವಳಿಗೆ ಇನ್ನೂ ದೊಡ್ಡ ಏರಿಕೆ, ನಡುವಿನ ದಿನಗಳಲ್ಲಿ ಪುನಃ ಖಾಲಿ ಎಂಬಂತೆ ಅದು ಕಾಣಬಹುದು.

ಈ ಸಣ್ಣ ಏರಿಕೆಗಳೇ ನಮಗೆ ಮುಖ್ಯ. ಪಂಚಮಿಗೆ ತಂಬಿಟ್ಟು, ಅಳ್ಳಿಟ್ಟು, ಕಡಲೆಹಿಟ್ಟಿನ ಉಂಡಿ, ದೀಪಾವಳಿಗೆ ಚಕ್ಕುಲಿ. ಇವೆಲ್ಲವೂ ಹಿಟ್ಟಿನ ತಿಂಡಿಗಳು. ಇವುಗಳಲ್ಲಿ ಹೆಚ್ಚಿನವುಗಳಿಗೆ ಕಾಳನ್ನು ಮೊದಲು ಹುರಿಯಬೇಕು. ಹುರಿಯುವ ಕೆಲಸವನ್ನು ಈಗ ಪ್ರತಿ ಮನೆಯೂ ಸ್ವತಃ ಮಾಡಿಕೊಂಡು, ಬೀಸುವುದಕ್ಕೆ ಮಾತ್ರ ಗಿರಣಿಗೆ ಬರುತ್ತದೆ. ಗಿರಣಿ ನಡೆಸುವ ಮಹಿಳೆಯರಿಗೆ ಹುರಿಯುವ ಹದ ಗೊತ್ತಿದೆ. ಸಮಾರಂಭಗಳಿಗೆ ಬಳಸುವ ದೊಡ್ಡ ಕಡಾಯಿ ಹಾಗೂ ಒಲೆ ಬಹುತೇಕ ಸಂಘಗಳಲ್ಲಿವೆ. ಬೀಸುವ ಕಲ್ಲು ಖಾಲಿ ಇದೆ. ಇದಕ್ಕೆ ಬಿಸಿಲು ಬೇಕಾಗಿಲ್ಲ ಎಂಬುದು ಇನ್ನೊಂದು ಅನುಕೂಲ. ಮೊಳಕೆ ಕಟ್ಟಿ ಒಣಗಿಸಬೇಕಾದ ರಾಗಿ ಹಿಟ್ಟನ್ನಾಗಲಿ, ಹಪ್ಪಳವನ್ನಾಗಲಿ ಮಳೆಗಾಲದ ಉಪಕಸುಬಾಗಿ ಆರಿಸಿಕೊಳ್ಳುವ ಸಂಘಗಳು ಎಡವುವುದು ಈ ಒಂದು ಕಾರಣಕ್ಕೆ.

ಸಿದ್ಧ ಹಿಟ್ಟು ಮಾರುವುದೋ, ಸೇವೆ ಕೊಡುವುದೋ?

ಈ ಹಂತದಲ್ಲಿ ಬಹುತೇಕ ಸಂಘಗಳಿಗೆ ತೋಚುವುದು ಚಕ್ಕುಲಿ ಹಿಟ್ಟನ್ನು ಸಿದ್ಧಪಡಿಸಿ, ಪೊಟ್ಟಣ ಕಟ್ಟಿ, ಹೆಸರು ಹಚ್ಚಿ ಮಾರುವ ಯೋಚನೆ. ಅದರ ಲೆಕ್ಕವನ್ನು ಮೊದಲು ನೋಡೋಣ.

ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ ಎಂಬ ಸಾಮಾನ್ಯ ಪ್ರಮಾಣದಲ್ಲಿ 25 ಕಿಲೋಗ್ರಾಂ ತಯಾರಿಸುವುದೆಂದು ಹಿಡಿಯೋಣ. 20 ಕಿಲೋ ಅಕ್ಕಿ ಕಿಲೋಗೆ 45 ರೂ.ನಂತೆ 900 ರೂ., 5 ಕಿಲೋ ಉದ್ದಿನಬೇಳೆ 130 ರೂ.ನಂತೆ 650 ರೂ., ಗ್ಯಾಸ್ ಹಾಗೂ ವಿದ್ಯುತ್ 120 ರೂ., ಪೊಟ್ಟಣ ಹಾಗೂ ಚೀಟಿ 120 ರೂ. ಒಟ್ಟು ಕೈಯಿಂದ ಹೋಗುವ ಹಣ 1,790 ರೂ. ಬೀಸುವಾಗ ಹಾಗೂ ಜರಡಿ ಹಿಡಿಯುವಾಗ ಒಂದು ಕಿಲೋ ಹೋದರೆ ಒಂದು ಕಿಲೋದ 24 ಪೊಟ್ಟಣಗಳು ಸಿಗುತ್ತವೆ. ಗಿರಣಿಯಲ್ಲಿಯೇ 95 ರೂ.ನಂತೆ ಎಲ್ಲವೂ ಮಾರಾಟವಾದರೆ 2,280 ರೂ. ಬಂದು, 490 ರೂ. ಉಳಿಯುತ್ತದೆ. ಕಾಳು ಆರಿಸುವುದರಿಂದ ಪೊಟ್ಟಣ ಕಟ್ಟುವವರೆಗೆ ಇಬ್ಬರು ಸದಸ್ಯರಿಗೆ ಐದು ಗಂಟೆ, ಅಂದರೆ ಒಟ್ಟು ಹತ್ತು ಗಂಟೆಯ ದುಡಿಮೆ. ಒಬ್ಬರ ಒಂದು ಗಂಟೆಗೆ 49 ರೂ. ಬೀಳುತ್ತದೆ.

ಈ ಲೆಕ್ಕದಲ್ಲಿ ಅಡಗಿರುವ ಅಪಾಯವೆಂದರೆ ಉಳಿಯುವ ಪೊಟ್ಟಣಗಳು. 24ರಲ್ಲಿ ಆರು ಪೊಟ್ಟಣ ಮಾರಾಟವಾಗದೆ ಉಳಿದರೆ 570 ರೂ. ಕಡಿಮೆಯಾಗಿ, ಲಾಭ ಹೋಗಿ 80 ರೂ. ಕೈಯಿಂದಲೇ ಕೊಟ್ಟಂತಾಗುತ್ತದೆ. ಕಿರಾಣಿ ಅಂಗಡಿಗೆ ಕೊಟ್ಟರೆ ಮಾರಾಟದ ಚಿಂತೆ ತಪ್ಪುತ್ತದೆ ಎನ್ನುವವರಿದ್ದಾರೆ. ಅಂಗಡಿಯವರಿಗೆ 85 ರೂ.ನಂತೆ ಕೊಟ್ಟರೆ ಉಳಿಯುವುದು 250 ರೂ. ಮಾತ್ರ, ಅದೂ ಮಾಲು ಖರ್ಚಾದ ಮೇಲೆ ಕೈಗೆ ಬರುತ್ತದೆ, ಖರ್ಚಾಗದ ಪೊಟ್ಟಣ ಮರಳಿ ಬರುತ್ತದೆ. ಗಿರಣಿಯಲ್ಲಿ ಹಣದ ಕೊರತೆ ಇರುವುದೇ ಈ ತಿಂಗಳುಗಳಲ್ಲಿ. ಆಗಲೇ ಅಕ್ಕಿ, ಬೇಳೆಗೆ ಹಣ ಹಾಕಿ ಹದಿನೈದು ದಿನ ಕಾಯುವುದು ಸಣ್ಣ ಸಂಘಕ್ಕೆ ಸುಲಭವಲ್ಲ.

ಈಗ ಎರಡನೆಯ ದಾರಿಯನ್ನು ನೋಡೋಣ. ಗ್ರಾಹಕರೇ ತಮ್ಮ ಅಕ್ಕಿ, ಬೇಳೆಯನ್ನು ಆರಿಸಿ, ಡಬ್ಬಿ ಸಮೇತ ತರುತ್ತಾರೆ. ಗಿರಣಿಯವರು ಹುರಿದು, ಆರಿಸಿ, ಬೀಸಿಕೊಡುತ್ತಾರೆ. ಕಿಲೋಗೆ 15 ರೂ.ನಂತೆ, ಐದು ಮನೆಗಳ ಐದೈದು ಕಿಲೋ ಸೇರಿ 25 ಕಿಲೋಗೆ 375 ರೂ. ಗ್ಯಾಸ್ ಹಾಗೂ ವಿದ್ಯುತ್ತಿನ 120 ರೂ. ಕಳೆದರೆ 255 ರೂ. ಉಳಿಯುತ್ತದೆ. ಕಾಳು ಆರಿಸುವ ಹಾಗೂ ಪೊಟ್ಟಣ ಕಟ್ಟುವ ಕೆಲಸವಿಲ್ಲದ್ದರಿಂದ ಇಬ್ಬರಿಗೆ ಎರಡೂವರೆ ಗಂಟೆ ಸಾಕು. ಒಟ್ಟು ಐದು ಗಂಟೆಯ ದುಡಿಮೆ. ಗಂಟೆಗೆ 51 ರೂ. ಆಯಿತು. ಮೊದಲ ದಾರಿಯಲ್ಲಿ ಒಟ್ಟು ಮೊತ್ತ ದೊಡ್ಡದಾಗಿ ಕಂಡರೂ ಗಂಟೆಯ ಗಳಿಕೆ ಎರಡರಲ್ಲಿಯೂ ಬಹುತೇಕ ಸಮ. ಎರಡನೆಯದರಲ್ಲಿ ಮುಂಗಡವಾಗಿ ಹಾಕಬೇಕಾದ ಬಂಡವಾಳವಿಲ್ಲ, ಉಳಿಯುವ ಮಾಲಿಲ್ಲ, ಹಣ ಅಂದೇ ಕೈಗೆ ಬರುತ್ತದೆ. ಮೇಲಾಗಿ ಚಕ್ಕುಲಿಗೆ ಪ್ರತಿ ಮನೆಯದೂ ತನ್ನದೇ ಪ್ರಮಾಣ. ಒಬ್ಬರು ಕಡಲೆಬೇಳೆ ಸೇರಿಸುತ್ತಾರೆ, ಇನ್ನೊಬ್ಬರು ಪುಠಾಣಿ ಹಾಕುತ್ತಾರೆ. ಸಿದ್ಧ ಹಿಟ್ಟನ್ನು ಕೊಂಡವರು "ನಮ್ಮ ಮನೀದರಂಗ ಆಗಲಿಲ್ಲ" ಎಂದು ಹೇಳಬಹುದು. ತಾವೇ ಅಳೆದು ತಂದವರು ಹಾಗೆ ಹೇಳಲಾರರು.

ಇಲ್ಲಿಯೂ ಒಂದು ಅಂಶವನ್ನು ಪ್ರಾಮಾಣಿಕವಾಗಿ ಕಳೆಯಬೇಕು. ಆ ಐದು ಮನೆಗಳವರು ಈ ಮೊದಲು ಮನೆಯಲ್ಲಿ ಹುರಿದುಕೊಂಡು ಬಂದು ಕಿಲೋಗೆ 5 ರೂ. ಕೊಟ್ಟು ಬೀಸಿಸುತ್ತಿದ್ದವರೇ ಆಗಿದ್ದರೆ, 375 ರೂ.ಗಳಲ್ಲಿ 125 ರೂ. ಹೇಗಿದ್ದರೂ ಬರುತ್ತಿತ್ತು. ಹೊಸದಾಗಿ ಬಂದದ್ದು 250 ರೂ.; ಅದರಲ್ಲಿ ಹುರಿಯುವ ಗ್ಯಾಸಿಗೆ 90 ರೂ. ಹೋದರೆ ನಿಜವಾದ ಹೆಚ್ಚುವರಿ 160 ರೂ. ಪಕ್ಕದ ಊರಿನಿಂದ ಅಥವಾ ಈವರೆಗೆ ಪಟ್ಟಣದಿಂದ ಹಿಟ್ಟು ತರಿಸುತ್ತಿದ್ದ ಮನೆಗಳಿಂದ ಬಂದವರ ಹಣವೇ ಪೂರ್ತಿ ಹೊಸ ಆದಾಯ. ಆದ್ದರಿಂದ ಲೆಕ್ಕಪುಸ್ತಕದಲ್ಲಿ ಹಳೆಯ ಗ್ರಾಹಕರು, ಹೊಸ ಗ್ರಾಹಕರು ಎಂದು ಎರಡು ಕಲಂ ಇಡುವುದು ಸೂಕ್ತ. ಸಿದ್ಧ ಹಿಟ್ಟನ್ನು ಮಾರುವಾಗಲೂ ಇದೇ ನಿಯಮ ಅನ್ವಯಿಸುತ್ತದೆ.

ಯಂತ್ರಕ್ಕೆ ಬಿಡುವು ಎಂದರೆ ಕೈಗಳಿಗೂ ಬಿಡುವು ಎಂದಲ್ಲ

ಯೋಜನೆ ಮಾಡುವಾಗ ಹೆಚ್ಚಾಗಿ ಮರೆತುಹೋಗುವುದು ಇದು. ಗಿರಣಿ ಖಾಲಿ ಇರುವ ಆಷಾಢ, ಶ್ರಾವಣಗಳೇ ಮುಂಗಾರು ಬೆಳೆಯಲ್ಲಿ ಕಳೆ ತೆಗೆಯುವ ತಿಂಗಳುಗಳು. ಹೆಸರು, ಶೇಂಗಾ, ಗೋವಿನಜೋಳದ ಹೊಲಗಳಿಗೆ ಆಗ ಹೆಣ್ಣಾಳುಗಳು ಸಿಗುವುದೇ ಕಷ್ಟ. ಊರಿನಲ್ಲಿ ಕಳೆ ಕೂಲಿ ಆರು ಗಂಟೆಗೆ 300 ರೂ. ಇದ್ದರೆ ಗಂಟೆಗೆ 50 ರೂ. ಆಯಿತು. ಮೇಲಿನ 49 ಹಾಗೂ 51 ರೂ.ಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಹೊಲದ ಕೆಲಸ ಬಿಟ್ಟು ಹಗಲಿನಲ್ಲಿ ಹಿಟ್ಟು ತಯಾರಿಸುವುದರಿಂದ ಸದಸ್ಯರಿಗೆ ಏನೂ ಹೆಚ್ಚಿಗೆ ಸಿಗುವುದಿಲ್ಲ. ತಮ್ಮದೇ ಹೊಲದ ಕಳೆ ಉಳಿದರೆ ನಷ್ಟವೇ ಆಗುತ್ತದೆ. ಅನೇಕ ಯೋಜನಾ ವರದಿಗಳಲ್ಲಿ ಸದಸ್ಯರ ದುಡಿಮೆಗೆ ಬೆಲೆಯನ್ನೇ ಹಾಕದೆ ಲಾಭ ತೋರಿಸಿರುತ್ತಾರೆ. ಅಂಥ ವರದಿಯನ್ನು ನಂಬಿ ಆರಂಭಿಸಿದ ಕೆಲಸವನ್ನು ಎರಡನೆಯ ವಾರದಲ್ಲಿ ಮಾಡಲು ಯಾರೂ ಬರುವುದಿಲ್ಲ.

ಹಾಗಾದರೆ ಈ ಕೆಲಸಕ್ಕೆ ಸರಿಯಾದ ಹೊತ್ತು ಯಾವುದು? ಜಿಟಿಜಿಟಿ ಮಳೆ ಹಿಡಿದು ಹೊಲಕ್ಕೆ ಕಾಲಿಡಲಾಗದ ದಿನಗಳು ಹಾಗೂ ಸಂಜೆಯ ಹೊತ್ತು. ಸೇವೆಯ ಕೆಲಸ ಎರಡೂವರೆ ಗಂಟೆಯದ್ದಾದ್ದರಿಂದ ಸಂಜೆ 6ರಿಂದ 8.30ರೊಳಗೆ ಮುಗಿಯುತ್ತದೆ. ಐದು ಗಂಟೆಯ ಪೊಟ್ಟಣದ ಕೆಲಸ ಸಂಜೆಗೆ ಹೊಂದುವುದಿಲ್ಲ. ಸೇವೆಯಿಂದ ಆರಂಭಿಸಬೇಕೆಂದು ಸೂಚಿಸಲು ಬಂಡವಾಳದ ಕಾರಣದಷ್ಟೇ ಇದೂ ಕಾರಣ. ವಾರದಲ್ಲಿ ಎರಡು ಸಂಜೆಗಳನ್ನು ನಿಗದಿಪಡಿಸಿ, ಉದಾಹರಣೆಗೆ ಮಂಗಳವಾರ ಹಾಗೂ ಶುಕ್ರವಾರ ಎಂದು ಗಿರಣಿಯ ಬಾಗಿಲಿನಲ್ಲಿ ಬರೆದು ಹಾಕಿದರೆ, ಗ್ರಾಹಕರು ಒಟ್ಟಿಗೆ ಬರುತ್ತಾರೆ. ಬೇರೆ ಬೇರೆ ದಿನ ಒಬ್ಬೊಬ್ಬರಿಗಾಗಿ ಕಡಾಯಿ ಕಾಯಿಸಿದರೆ ಗ್ಯಾಸಿನ ಖರ್ಚಿನಲ್ಲಿಯೇ ಗಳಿಕೆ ಹೋಗುತ್ತದೆ. ಸಂಜೆ ಆರಿಸಿಕೊಳ್ಳುವ ಮುನ್ನ ತಮ್ಮ ಊರಿನ ಮೂರು ಫೇಸ್ ವಿದ್ಯುತ್ ಪೂರೈಕೆಯ ವೇಳೆಯನ್ನು ಖಚಿತಪಡಿಸಿಕೊಳ್ಳಬೇಕು. ಹುರಿದ ಕಾಳು ಬೀಸದೆ ರಾತ್ರಿಯಿಡೀ ಮಳೆಗಾಲದ ಗಾಳಿಗೆ ಉಳಿದರೆ ಗರಿಗರಿ ಹೋಗಿ ಮೆತ್ತಗಾಗುತ್ತದೆ.

ಹುರಿಯುವ ಹಾಗೂ ಬೀಸುವ ಹಂತಗಳಲ್ಲಿ ಗಮನಿಸತಕ್ಕ ಅಂಶಗಳು

ಅಕ್ಕಿಯನ್ನು ಹುರಿಯುವುದು ಎಂದರೆ ಬಣ್ಣ ತಿರುಗಿಸುವುದಲ್ಲ. ಅದರಲ್ಲಿನ ತಂಪು ಆರುವಷ್ಟು ಬಿಸಿ ಮಾಡುವುದು. ಕೈಯಲ್ಲಿ ಹಿಡಿದರೆ ಬಿಸಿ ತಾಗಬೇಕು, ಅಕ್ಕಿ ಬೆಳ್ಳಗೇ ಇರಬೇಕು. ಉದ್ದಿನಬೇಳೆಯನ್ನು ಸಣ್ಣ ಉರಿಯಲ್ಲಿ, ಘಮ ಬಂದು ನಸುಗೆಂಪು ತಿರುಗುವವರೆಗೆ ಹುರಿಯಬೇಕು. ಉರಿ ಜೋರಾದರೆ ಬೇಳೆಯ ಮೈ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ನಾಲ್ಕು ಬೇಳೆಯನ್ನು ಮುರಿದು ಬಾಯಿಗೆ ಹಾಕಿಕೊಂಡರೆ ಇದು ತಿಳಿಯುತ್ತದೆ: ಹದವಾದದ್ದು ಟಕ್ಕನೆ ಮುರಿಯುತ್ತದೆ, ಹಸಿ ವಾಸನೆ ಇರುವುದಿಲ್ಲ. ಅಕ್ಕಿ, ಬೇಳೆ ಎರಡನ್ನೂ ಒಟ್ಟಿಗೆ ಕಡಾಯಿಗೆ ಹಾಕುವ ಅವಸರ ಮಾಡಕೂಡದು. ಎರಡರ ಹದ ಬೇರೆ.

ಬಿಸಿ ಕಾಳನ್ನು ಹಾಗೆಯೇ ಕಲ್ಲಿಗೆ ಸುರಿಯಬಾರದು. ಅಗಲವಾದ ತಟ್ಟೆ ಅಥವಾ ಸ್ವಚ್ಛವಾದ ಬಟ್ಟೆಯ ಮೇಲೆ ಹರಡಿ, ಕೈಗೆ ಬಿಸಿ ತಾಗದಂತೆ ಆರಿದ ಮೇಲೆ ಬೀಸಬೇಕು. ಕಲ್ಲಿನ ತಿಕ್ಕಾಟದಿಂದ ಹಿಟ್ಟು ಪುನಃ ಬಿಸಿಯಾಗಿಯೇ ಹೊರಬರುತ್ತದೆ. ಅದನ್ನು ಕೂಡಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಒಳಗಿನ ಆವಿ ಮುಚ್ಚಳಕ್ಕೆ ನೀರಾಗಿ ಕೂಡುತ್ತದೆ. ಮಳೆಗಾಲದಲ್ಲಿ ಹಿಟ್ಟು ಗಂಟುಗಟ್ಟುವುದಕ್ಕೆ, ಮುಗ್ಗು ವಾಸನೆ ಬರುವುದಕ್ಕೆ ಬಹುತೇಕ ಇದೇ ಕಾರಣವಾಗಿದ್ದು, ಗ್ರಾಹಕರು ಮಾತ್ರ ಅಕ್ಕಿಯನ್ನು ದೂರುತ್ತಾರೆ. ಪರೀಕ್ಷೆ ಸುಲಭ: ಒಂದಿಷ್ಟು ಹಿಟ್ಟನ್ನು ಪಾರದರ್ಶಕ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ರಾತ್ರಿ ಇಡುವುದು. ಬೆಳಿಗ್ಗೆ ಒಳಮೈಯಲ್ಲಿ ಮಂಜು ಅಥವಾ ಹನಿ ಕಂಡರೆ ಆರಿಸಿದ್ದು ಸಾಲದೆಂದು ಅರ್ಥ.

ಕಲ್ಲಿನ ವಿಷಯದಲ್ಲಿ ಎರಡು ಮಾತು. ಖಾರ ಕುಟ್ಟುವ ಯಂತ್ರವನ್ನು ಎಷ್ಟೇ ಒರೆಸಿದರೂ ಈ ಹಿಟ್ಟುಗಳಿಗೆ ಬಳಸುವಂತಿಲ್ಲ. ಅದರ ಮೂಲೆಗಳಲ್ಲಿ ಉಳಿದ ಖಾರ ಸಿಹಿ ತಂಬಿಟ್ಟಿನಲ್ಲಿ ಸೇರಿದರೆ ಆ ಮನೆಯವರು ಮತ್ತೆ ಬರುವುದಿಲ್ಲ. ಬೀಸುವ ಕಲ್ಲಿನಲ್ಲಿಯೂ ಹಿಂದಿನ ಜೋಳದ ಅಥವಾ ಗೋಧಿಯ ಹಿಟ್ಟು ಇರುವುದರಿಂದ, ಸಂಜೆಯ ಮೊದಲ ಗ್ರಾಹಕರ ಕಾಳಿಗೆ ಮುನ್ನ ಗಿರಣಿಯ ಸ್ವಂತ ಒಂದು ಕಿಲೋ ಅಕ್ಕಿಯನ್ನು ಬೀಸಿ ಕಲ್ಲನ್ನು ಶುದ್ಧ ಮಾಡಿಕೊಳ್ಳಬೇಕು. ಆ ಹಿಟ್ಟು ಸದಸ್ಯರ ಮನೆಯ ರೊಟ್ಟಿಗೆ ಆಗುತ್ತದೆ. ಎರಡನೆಯದಾಗಿ, ಕಲ್ಲಿನ ಮೈಯನ್ನು ಉಳಿಯಿಂದ ಹೊಸದಾಗಿ ಹೊಡೆಸಿದ ದಿನ ಈ ಕೆಲಸವನ್ನು ಇಟ್ಟುಕೊಳ್ಳಕೂಡದು. ಸಣ್ಣ ಕಲ್ಲಿನ ಹುಡಿ ಹಿಟ್ಟಿನಲ್ಲಿ ಬರುತ್ತದೆ. ತೌಡು ಹಾಕಿ ಒಂದೆರಡು ಸಲ ಓಡಿಸಿ, ಆ ತೌಡನ್ನು ಚೆಲ್ಲಿದ ಮೇಲೆಯೇ ಗ್ರಾಹಕರ ಕಾಳನ್ನು ಹಾಕಬೇಕು. ಬೆರಳುಗಳ ನಡುವೆ ಹಿಟ್ಟನ್ನು ಉಜ್ಜಿ, ನಾಲಿಗೆಗೆ ಹಚ್ಚಿ ನೋಡಿದರೆ ಕರಕು ಇದೆಯೋ ಇಲ್ಲವೋ ತಿಳಿಯುತ್ತದೆ.

ಚಕ್ಕುಲಿ ಹಿಟ್ಟು ನುಣ್ಣಗಿರಬೇಕು. ರೊಟ್ಟಿಯ ಹಿಟ್ಟಿಗೆ ಇಟ್ಟಿದ್ದ ಕಲ್ಲಿನ ಅಂತರದಲ್ಲಿಯೇ ಬೀಸಿದರೆ ತರಿ ಉಳಿದು, ಒರಳಿನಿಂದ ಒತ್ತುವಾಗ ಎಳೆ ತುಂಡಾಗುತ್ತದೆ. ಮೊದಲ ವಾರ ಪ್ರತಿ ಸಂಜೆ ಒಂದು ಹಿಡಿ ಹಿಟ್ಟನ್ನು ಕಲಸಿ, ನಾಲ್ಕು ಚಕ್ಕುಲಿ ಒತ್ತಿ ಕರಿದು ನೋಡುವುದಕ್ಕೆ ತಗಲುವ ಎಣ್ಣೆ ವ್ಯರ್ಥವಲ್ಲ.

ಮುಂಗಡ ಬೇಡಿಕೆಯ ಮೇಲೆ ಮಾತ್ರ ಸಿದ್ಧ ಹಿಟ್ಟು

ಸೇವೆ ಒಂದು ಪಂಚಮಿ ಹಾಗೂ ಒಂದು ಚೌತಿಯನ್ನು ದಾಟಿದ ಮೇಲೆ, ಯಾವ ಮನೆಗಳು ಕಾಳು ತರುವ ತೊಂದರೆಯೂ ಬೇಡ, ಹಿಟ್ಟೇ ಕೊಡಿ ಎನ್ನುತ್ತವೆ ಎಂಬುದು ತಾನಾಗಿ ತಿಳಿದುಬರುತ್ತದೆ. ಊರಿನ ಶಿಕ್ಷಕರು, ಪಟ್ಟಣದಲ್ಲಿ ಮಕ್ಕಳಿರುವ ಹಿರಿಯರು ಹೀಗೆ ಕೇಳುವುದು ಸಾಮಾನ್ಯ. ದೀಪಾವಳಿಗೆ ಮೂರು ವಾರ ಇರುವಾಗ ಹೆಸರು, ಪ್ರಮಾಣ ಹಾಗೂ ಅರ್ಧ ಹಣವನ್ನು ಮುಂಗಡವಾಗಿ ಪಡೆದು, ಅಷ್ಟಕ್ಕೆ ಮಾತ್ರ ಅಕ್ಕಿ, ಬೇಳೆ ಖರೀದಿಸಬೇಕು. 24 ಪೊಟ್ಟಣಗಳಿಗೆ ಅರ್ಧ ಮುಂಗಡವೆಂದರೆ 1,140 ರೂ. ಬರುತ್ತದೆ, ಸಂಘ ತನ್ನ ಕೈಯಿಂದ ಹಾಕಬೇಕಾದದ್ದು 650 ರೂ.ಗೆ ಇಳಿಯುತ್ತದೆ. ಬೇಡಿಕೆ 20 ಕಿಲೋ ದಾಟದಿದ್ದರೆ ಆ ವರ್ಷ ಪೊಟ್ಟಣದ ಯೋಚನೆಯನ್ನೇ ಬಿಟ್ಟು ಸೇವೆಯಲ್ಲಿ ಮುಂದುವರಿಯುವುದು ಒಳಿತು. ಕಳೆ ಕೆಲಸ ಮುಗಿದಿರುವ ಈ ಸಮಯದಲ್ಲಿ ಐದು ಗಂಟೆಯ ಕೆಲಸಕ್ಕೂ ಕೈಗಳು ಸಿಗುತ್ತವೆ. ಆದರೆ ಕೆಲವು ಊರುಗಳಲ್ಲಿ ಆಗಲೇ ಗೋವಿನಜೋಳದ ಒಕ್ಕಣೆ ಅಥವಾ ಹಿಂಗಾರಿ ಬಿತ್ತನೆ ನಡೆದಿರಬಹುದು; ಅದನ್ನು ಮೊದಲೇ ವಿಚಾರಿಸಿಕೊಂಡಿರಬೇಕು.

ಪೊಟ್ಟಣದಲ್ಲಿ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ. ಗಿರಣಿಗೆ ಈಗಾಗಲೇ ನೋಂದಣಿ ಇದ್ದರೆ, ಸಿದ್ಧ ಹಿಟ್ಟಿನ ತಯಾರಿಕೆ ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು. ಅರ್ಜಿಯನ್ನು foscos.fssai.gov.in ಜಾಲತಾಣದಲ್ಲಿ ಸಲ್ಲಿಸಬಹುದು. ಚೀಟಿಯಲ್ಲಿ ಪದಾರ್ಥದ ಹೆಸರು, ಅದರಲ್ಲಿರುವ ಕಾಳುಗಳು, ನಿವ್ವಳ ತೂಕ, ಬೆಲೆ, ತಯಾರಿಸಿದ ದಿನಾಂಕ, ಬಳಸಬೇಕಾದ ಕೊನೆಯ ದಿನಾಂಕ, ತಯಾರಕರ ವಿಳಾಸ ಹಾಗೂ 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ತೂಕದ ಯಂತ್ರಕ್ಕೆ ಆ ಸಾಲಿನ ಮುದ್ರೆ ಆಗಿರಬೇಕು. ಗ್ರಾಮ ಪಂಚಾಯಿತಿಯ ಪರವಾನಗಿಯಲ್ಲಿ ಹಿಟ್ಟಿನ ಗಿರಣಿ ಎಂದಷ್ಟೇ ನಮೂದಾಗಿದ್ದಲ್ಲಿ, ಪೊಟ್ಟಣದ ಕೆಲಸ ಆರಂಭಿಸುವ ಮುನ್ನ ಕಾರ್ಯಾಲಯದಲ್ಲಿ ವಿಚಾರಿಸುವುದು.

ಸೇವೆ ಆರಂಭವಾದ ಕೂಡಲೇ ವಿದ್ಯುತ್ ಚಾಲಿತ ಹುರಿಯುವ ಯಂತ್ರವನ್ನು ಸಾಲದಲ್ಲಿ ಕೊಳ್ಳುವ ಮಾತು ಬರುತ್ತದೆ. ಎರಡು ದೀಪಾವಳಿಗಳ ಲೆಕ್ಕ ಕೈಯಲ್ಲಿ ಇಲ್ಲದೆ ಆ ನಿರ್ಧಾರಕ್ಕೆ ಬರಕೂಡದು ಎಂಬುದು ನನ್ನ ಅಭಿಪ್ರಾಯ. ಬಿಡುವಿನ ತಿಂಗಳ ಕಂತುಗಳನ್ನು ತುಂಬಲೆಂದು ಹುಡುಕಿದ ಉಪಕಸುಬಿಗೆ ಮತ್ತೊಂದು ಕಂತು ಸೇರಿಸಿದರೆ, ಆ ಕಂತು ಬೇಸಿಗೆಯಲ್ಲಿಯೂ ಬರುತ್ತದೆ, ಮಳೆಗಾಲದಲ್ಲಿಯೂ ಬರುತ್ತದೆ. ವಾರಕ್ಕೆ ಎರಡು ಸಂಜೆಯ, ದಿನಕ್ಕೆ 25 ಕಿಲೋ ಹುರಿಯುವ ಕೆಲಸಕ್ಕೆ ಕಡಾಯಿ ಸಾಕು.

ಸಂಕ್ರಾಂತಿ ಕಳೆದ ಮೇಲೆ ನಿಗದಿತ ಸಂಜೆಗಳನ್ನು ನಿಲ್ಲಿಸುವುದು ಸೂಕ್ತ. ಖಾರದ ಹಂಗಾಮು ಆರಂಭವಾದಾಗ ಗಿರಣಿಯ ಒಳಗಿನ ಗಾಳಿಯಲ್ಲಿಯೇ ಖಾರದ ಹುಡಿ ತೇಲುತ್ತಿರುವುದರಿಂದ, ಹುರಿದ ಕಾಳನ್ನು ಅಲ್ಲಿ ಹರಡಿ ಆರಿಸುವಂತಿಲ್ಲ. ಕಡಾಯಿ, ತಟ್ಟೆ ಹಾಗೂ ಬಟ್ಟೆಗಳನ್ನು ತೊಳೆದು ಒಣಗಿಸಿ ಬೇರೆ ಕೋಣೆಯಲ್ಲಿಟ್ಟು, ಹಳೆಯ ಹಾಗೂ ಹೊಸ ಗ್ರಾಹಕರ ಎರಡೂ ಕಲಂಗಳ ಮೊತ್ತವನ್ನು ಸಂಘದ ಮಾಸಿಕ ಸಭೆಯ ನಡಾವಳಿಯಲ್ಲಿ ದಾಖಲಿಸತಕ್ಕದ್ದು. ಮುಂದಿನ ಆಷಾಢದಲ್ಲಿ ದರ ನಿಗದಿಪಡಿಸಲು ಅದೇ ಆಧಾರವಾಗುತ್ತದೆ.